ಮಾಸಿದ ಫೋಟೋದೊಳಗಿನ ಕತೆ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಕತೆ ಬರೆಯುವುದು ಹೇಗೆ ಎಂದು ಮಕ್ಕಳಿಗೆ ಹೇಳಬೇಕು ಎಂದು ಸಂಘಟಕರು ಕೇಳಿದ್ದಾರೆ. ಎಲ್ಲ ಕತೆಗಳ ವಿಷಯ ನನಗೆ ಗೊತ್ತಿಲ್ಲ. ಒಂದು ಹಳೆಯ ಫೋಟೋವನ್ನು ಮುಂದಿಟ್ಟುಕೊಂಡು ಒಂದು ಸಣ್ಣ ಕತೆ ಕಟ್ಟಿದ್ದೇನೆ. ಅದನ್ನು ಹೇಗೆ ಕಟ್ಟಿದೆ ಎಂದು ಮೊದಲು ಹೇಳಿ, ಆಮೇಲೆ ಕತೆಯನ್ನು ಓದುತ್ತೇನೆ.

ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ತೆಗೆದ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಸಂಗ್ರಹದಲ್ಲಿ ಇಂದಿಗೂ ಜೋಪಾನವಾಗಿವೆ. ಎಷ್ಟೋ ಫೋಟೋಗಳಿಗೆ ಊರು ಯಾವುದು, ಏನು ಕೆಲಸ ನಡೆಯುತ್ತಿದೆ ಎಂಬ ಬರಹವೂ ಉಂಟು. ನಮ್ಮ ಮನೆಗಳ ಫೋಟೋಗಳಿಗೆ ಆ ಭಾಗ್ಯವಿಲ್ಲ. ಚಾವಡಿಯ ಗೋಡೆಯಲ್ಲಿ, ಮಾಡಿನ ಹತ್ತಿರ ಮೊಳೆಗೆ ಸಿಕ್ಕಿಸಿರುತ್ತಾರೆ. ಹೆಸರು ಹೇಳಬಲ್ಲವರು ತೀರಿಹೋದ ಮೇಲೆ ಅದರಲ್ಲಿ ಬಟ್ಟೆ, ಜಾಗ, ಮುಖ ಮಾತ್ರ ಉಳಿಯುತ್ತವೆ.

ನನ್ನ ಕೈಗೆ ಬಂದ ಫೋಟೋ ಸಂಬಂಧಿಕರ ಹಳೆಯ ಮನೆಯನ್ನು ಬಿಚ್ಚುವಾಗ ಸಿಕ್ಕಿದ್ದು. ಮನೆ ಇದ್ದದ್ದು ಪದವಿನ ಕೆಳಗಿನ ಬೈಲಿನಲ್ಲಿ. ಫೋಟೋ ಅಂಗೈಯಷ್ಟು ದೊಡ್ಡದು, ದಪ್ಪ ರಟ್ಟಿಗೆ ಅಂಟಿಸಿದೆ. ಕಪ್ಪು ಬಿಳುಪಿನದು, ಆದರೆ ಈಗ ಕಪ್ಪು ಕಂದಾಗಿದೆ, ಬಿಳುಪು ಹಳದಿಯಾಗಿದೆ. ಅದರಲ್ಲಿ ಏಳು ಜನ ಇದ್ದಾರೆ. ನಡುವೆ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಅವರ ಹಿಂದೆ ಎಡಕ್ಕೆ ಅಂಗಿ ಮುಂಡು ತೊಟ್ಟ ಗಂಡಸು, ಬಲಕ್ಕೆ ರೇಷ್ಮೆ ಸೀರೆಯ ಹೆಂಗಸು. ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತ ಒಬ್ಬ ಯುವಕ. ಕೆಳಗೆ ಚಾಪೆಯಲ್ಲಿ ಮೂರು ವರ್ಷದ ಹುಡುಗ. ಬಲಗಡೆಯ ತುದಿಯಲ್ಲಿ ಇನ್ನೊಬ್ಬ ಹೆಂಗಸು, ಅವಳ ಮುಂದೆ ಹತ್ತು ವರ್ಷದ ಹುಡುಗಿ. ಆ ತುದಿಯ ಹೆಂಗಸಿಗೆ ಮುಖವೇ ಇಲ್ಲ. ಮುಖವಿದ್ದ ಕಡೆ ನಾಲ್ಕಾಣೆಯಷ್ಟು ಅಗಲದ ಬೋಳು ಕಾಗದ ಕಾಣುತ್ತದೆ.

ಯಾರೋ ಬೇಕೆಂದೇ ಕೆರೆದದ್ದು ಎಂದು ಮನೆಯವರು ಹೇಳಿದರು. ಆದರೆ ಭೂತಗನ್ನಡಿ ಹಿಡಿದು ನೋಡಿದರೆ ಕೆರೆದ ಗೀರು ಒಂದೂ ಇಲ್ಲ. ಫೋಟೋ ಕಾಗದದ ಮೇಲೆ ಜಿಲೆಟಿನ್ ಎಂಬ ಅಂಟಿನ ಪದರ ಇರುತ್ತದೆ, ಚಿತ್ರ ಇರುವುದು ಆ ಪದರದಲ್ಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒದ್ದೆ ಗೋಡೆಯಿಂದಲೋ ಗಾಜಿನ ಅಂಚಿನಿಂದಲೋ ತೇವ ಒಳಗೆ ಹೋದರೆ ಅದು ಉಬ್ಬಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಚೌಕಟ್ಟು ಬಿಚ್ಚಿದವರು ಫೋಟೋವನ್ನು ಎಳೆದರೆ ಚಿತ್ರ ಗಾಜಿನಲ್ಲಿ ಉಳಿಯುತ್ತದೆ, ಕಾಗದ ಮಾತ್ರ ಕೈಗೆ ಬರುತ್ತದೆ. ಇಲ್ಲಿ ಆದದ್ದು ಹಾಗೆಯೇ. ಹಳದಿ ಬಣ್ಣದ ಕಾರಣ ಬೇರೆ. ಫೋಟೋ ತೊಳೆಯುವಾಗ ಹೈಪೋ ಎಂಬ ಔಷಧಿಯನ್ನು ಸಾಕಷ್ಟು ನೀರಿನಲ್ಲಿ ತೆಗೆಯದಿದ್ದರೆ ಅದು ಒಳಗೆ ಉಳಿದು ವರ್ಷಗಳ ಮೇಲೆ ಚಿತ್ರವನ್ನು ಹಳದಿ ಮಾಡುತ್ತದೆ.

ಆ ಹೆಂಗಸು ಯಾರು ಎಂದು ಇಬ್ಬರು ಹಿರಿಯರನ್ನು ಕೇಳಿದೆ. ಒಬ್ಬರು ಮನೆಯ ಮಗಳು ಎಂದರು, ಇನ್ನೊಬ್ಬರು ಕೆಲಸಕ್ಕೆ ಬರುತ್ತಿದ್ದವಳು ಎಂದರು. ಚಾಪೆಯ ಮೇಲಿನ ಹುಡುಗನಿಗೆ ಈಗ ಮೊಮ್ಮಕ್ಕಳಿದ್ದಾರೆ, ಅವರಿಗೆ ಆ ದಿನದ ನೆನಪಿಲ್ಲ. ಹುಡುಗಿ ಈಗ ಇಲ್ಲ. ಮನೆಯ ಮಗಳೋ ಕೆಲಸದವಳೋ ಎಂಬ ಈ ಪ್ರಶ್ನೆಯಿಂದಲೇ ನನ್ನ ಕತೆ ಹುಟ್ಟಿತು.

ಮಕ್ಕಳೇ, ಇಂಥ ಕೆಲಸಕ್ಕೆ ಒಂದು ನೋಟು ಪುಸ್ತಕ ತೆಗೆದುಕೊಳ್ಳಿ. ಪುಟವನ್ನು ಮೂರು ಭಾಗ ಮಾಡಿ: ಕಂಡದ್ದು, ಊಹಿಸಿದ್ದು, ಕಟ್ಟಿದ್ದು. ಮೊದಲ ಎರಡು ದಿನ ಕಂಡದ್ದನ್ನು ಮಾತ್ರ ಬರೆಯಿರಿ. "ಬಡವರ ಮನೆ" ಎಂದು ಬರೆಯಬೇಡಿ, ಅದು ಊಹೆ. "ಐದು ಜನ ಬರಿಗಾಲಲ್ಲಿದ್ದಾರೆ, ಒಬ್ಬನಿಗೆ ಬೂಟು ಉಂಟು, ಅಜ್ಜಿಯ ಕಾಲು ಸೀರೆಯಲ್ಲಿ ಮುಚ್ಚಿದೆ" ಎಂದು ಬರೆಯಿರಿ, ಅದು ಕಂಡದ್ದು.

ಎಲ್ಲಕ್ಕಿಂತ ಮೊದಲು ಫೋಟೋ ಎಡಬಲ ಸರಿಯಾಗಿ ಮುದ್ರಣವಾಗಿದೆಯೇ ಎಂದು ನೋಡಬೇಕು. ನೆಗೆಟಿವನ್ನು ಮಗುಚಿ ಇಟ್ಟರೆ ಎಡ ಬಲವಾಗುತ್ತದೆ. ಗಂಡಸಿನ ಅಂಗಿಯ ಕಿಸೆ ಎದೆಯ ಎಡಗಡೆ ಇರಬೇಕು. ಈ ಫೋಟೋದಲ್ಲಿ ಎಡಗಡೆಯೇ ಇದೆ, ಅದರಲ್ಲಿ ಒಂದು ಪೆನ್ನೂ ಇದೆ. ಹಾಗಾಗಿ ಮುಂದುವರಿಯಬಹುದು.

ಇನ್ನು ಬಟ್ಟೆ. ಯುವಕನ ಪ್ಯಾಂಟು ಬೆಲ್ ಬಾಟಮ್, ಅಂಗಿಯ ಕಾಲರು ಉದ್ದ, ಕಿವಿಯ ಕೆಳಗಿನವರೆಗೆ ಕೂದಲು ಇಳಿದಿದೆ. ಆ ಬೂಟು ಅವನದ್ದೇ. ಈ ವೇಷ 1970ರ ದಶಕದ್ದು. ಆ ಕಾಲದಲ್ಲಿ ನಮ್ಮ ಬೈಲಿನ ಹುಡುಗನಿಗೆ ಇಂಥ ಪ್ಯಾಂಟು ಎಲ್ಲಿಂದ ಬಂದೀತು? ಬೊಂಬಾಯಿಯಿಂದ ಎಂದು ಇಲ್ಲಿ ಕುಳಿತ ಹಿರಿಯರೆಲ್ಲ ಹೇಳುತ್ತೀರಿ. ಇದು ಎರಡನೆಯ ಭಾಗಕ್ಕೆ ಹೋಗುವ ಮಾತು.

ರೇಷ್ಮೆ ಸೀರೆಯ ಹೆಂಗಸಿನ ಸೆರಗಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ನೇರವಾದ ಮಡಿಕೆಯ ಗೆರೆಗಳಿವೆ. ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ಸೀರೆ ಅದು. ಹುಡುಗಿಯ ಲಂಗ ಮತ್ತು ಚಿಕ್ಕ ಹುಡುಗನ ಅಂಗಿಯ ಬಟ್ಟೆ ಒಂದೇ, ಒಂದೇ ಹೂವಿನ ಚಿತ್ತಾರ. ಒಂದು ತುಂಡು ತಂದು ಇಬ್ಬರಿಗೂ ಹೊಲಿಸಿದ್ದಾರೆ. ಲಂಗದ ಕೆಳಗೆ ಎರಡು ಬೆರಳಿನಷ್ಟು ಗಾಢ ಬಣ್ಣದ ಪಟ್ಟಿ ಇದೆ. ಹುಡುಗಿ ಬೆಳೆದಾಗ ಮಡಿಕೆ ಬಿಚ್ಚಿ ಉದ್ದ ಮಾಡಿದ್ದಾರೆ, ಒಳಗಿದ್ದ ಬಟ್ಟೆ ಬಿಸಿಲಿಗೆ ಮಾಸಿರಲಿಲ್ಲ. ಹಾಗಾದರೆ ಬಟ್ಟೆ ಹಳೆಯದು, ಫೋಟೋಕ್ಕೆಂದು ಹೊಲಿಸಿದ್ದಲ್ಲ. ಅಜ್ಜಿ ಬಿಳಿ ರವಿಕೆ ತೊಟ್ಟಿದ್ದಾರೆ, ಆದರೆ ಭುಜ ಜಾರಿದೆ, ತೋಳು ಸಡಿಲ. ಆ ತಲೆಮಾರಿನ ಎಷ್ಟೋ ಹೆಂಗಸರಿಗೆ ರವಿಕೆಯ ಅಭ್ಯಾಸವೇ ಇರಲಿಲ್ಲ. ಅದು ಬೇರೆಯವರ ರವಿಕೆ ಎಂದು ಊಹಿಸಿದೆ.

ಈಗ ಮುಖವಿಲ್ಲದವಳು. ಅವಳ ಸೀರೆ ದಿನಬಳಕೆಯದು, ಮಡಿಕೆಯ ಗೆರೆ ಇಲ್ಲ. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಸೀರೆಯ ಕೆಳ ಅಂಚು ನಾಲ್ಕು ಬೆರಳಿನಷ್ಟು ಕಪ್ಪಗಿದೆ. ಅದನ್ನು ಕರಿ ಅಂಚು ಎಂದುಕೊಳ್ಳಬಹುದು. ಆದರೆ ಅಂಚಾದರೆ ಅಗಲ ಒಂದೇ ಸಮ ಇರಬೇಕು, ಇದು ಒಂದು ಕಡೆ ಮೇಲೇರಿ ಇನ್ನೊಂದು ಕಡೆ ಇಳಿದಿದೆ. ಅದು ನೀರು. ಎಂದರೆ ಕೆಲಸದ ನಡುವಿನಿಂದ ಬಂದು ನಿಂತವಳು. ಇಷ್ಟೇ ಇದ್ದರೆ ಕೆಲಸದವಳು ಎಂದವರ ಮಾತು ಸರಿ ಎನ್ನುತ್ತಿದ್ದೆ. ಆದರೆ ಅವಳ ಎಡ ಸೊಂಟದಲ್ಲಿ ಒಂದು ಬಿಳಿ ಚುಕ್ಕೆ, ಅದರಿಂದ ಇಳಿಬಿದ್ದ ನಾಲ್ಕು ಗೆರೆ. ಭೂತಗನ್ನಡಿಯಲ್ಲಿ ನೋಡಿದಾಗ ಅದು ಬೀಗದ ಕೈಗಳ ಗೊಂಚಲು. ಪೆಟ್ಟಿಗೆಯ ಸೀರೆ ಉಟ್ಟು ನಡುವೆ ನಿಂತವಳ ಸೊಂಟದಲ್ಲಿ ಬೀಗದ ಕೈ ಇಲ್ಲ. ಒದ್ದೆ ಸೀರೆಯಲ್ಲಿ ತುದಿಗೆ ನಿಂತವಳ ಸೊಂಟದಲ್ಲಿ ಉಂಟು.

ಬಟ್ಟೆಯಲ್ಲಿ ಒಂದು ಎಚ್ಚರ ಬೇಕು. ಕಪ್ಪು ಬಿಳುಪಿನ ಫೋಟೋ ನೋಡಿ ಬಣ್ಣ ಹೇಳಬಾರದು. ಬಹಳ ಹಳೆಯ ಕಾಲದ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ, ಮದುವೆಯ ಕೆಂಪು ಸೀರೆ ಅದರಲ್ಲಿ ಕರಿ ಸೀರೆಯಾಗಿ ಬರುತ್ತಿತ್ತು. ನಂತರದ ಫಿಲ್ಮಿನಲ್ಲಿ ಕೆಂಪೂ ಹಸುರೂ ಒಂದೇ ಬೂದಿಯಾಗಿ ಬರುವುದುಂಟು. ಆದ್ದರಿಂದ ನನ್ನ ಕತೆಯಲ್ಲಿ ಯಾವ ಸೀರೆಗೂ ಬಣ್ಣವಿಲ್ಲ.

ಮುಂದೆ ಜಾಗ. ಹಿಂದೆ ದೊಡ್ಡ ಬಂಗಲೆಯ ಮೆಟ್ಟಿಲು, ಕಂಬ, ಹೂವಿನ ಕುಂಡ ಕಾಣುತ್ತದೆ. ಇದನ್ನು ನೋಡಿ ಶ್ರೀಮಂತರು ಎಂದುಕೊಂಡರೆ ಕೆಟ್ಟಿತು. ಅದು ಫೋಟೋಗ್ರಾಫರನ ಪರದೆ. ಪರದೆಯ ಅಗಲ ಏಳು ಜನಕ್ಕೆ ಸಾಕಾಗಿಲ್ಲ. ಮೇಲೆ ಬಲಮೂಲೆಯಲ್ಲಿ ಮುಳಿಹುಲ್ಲಿನ ಮಾಡಿನ ತುದಿ ಇಣುಕುತ್ತದೆ. ಕೆಳಗೆ ಸೆಗಣಿ ಸಾರಿಸಿದ ಅಂಗಳ. ಬಲಗಡೆಯ ಹೆಂಗಸು ಪರದೆಯ ಹೊರಗೆ ನಿಂತಿದ್ದಾಳೆ. ಆರು ಜನರ ಹಿಂದೆ ಬಂಗಲೆ, ಅವಳೊಬ್ಬಳ ಹಿಂದೆ ನಿಜವಾದ ಮನೆ. ಇದು ನಾನು ಕಟ್ಟಿದ್ದಲ್ಲ, ಫೋಟೋದಲ್ಲಿಯೇ ಇದೆ.

ಕೊನೆಗೆ ಮುಖಭಾವ. ಇಲ್ಲಿ ಅವಸರ ಮಾಡಬಾರದು. ಹಳೆಯ ಫೋಟೋದಲ್ಲಿ ನಗು ಇಲ್ಲವೆಂದರೆ ದುಃಖ ಎಂದು ಅರ್ಥವಲ್ಲ. "ಅಲುಗಾಡಬೇಡಿ, ಗದ್ದ ಎತ್ತಿ" ಎಂದು ಫೋಟೋಗ್ರಾಫರು ಹೇಳುತ್ತಿದ್ದರು, ಜನ ಹಾಗೆಯೇ ಬಿಗಿಯಾಗಿ ನಿಲ್ಲುತ್ತಿದ್ದರು. ಮುಖ ಫೋಟೋಗ್ರಾಫರನ ಮಾತು ಕೇಳುತ್ತದೆ, ಕೈ ಕೇಳುವುದಿಲ್ಲ. ಆದ್ದರಿಂದ ಮುಖದ ಜೊತೆಗೆ ಕೈಯನ್ನೂ ಕಣ್ಣು ಹೋದ ದಿಕ್ಕನ್ನೂ ನೋಡಬೇಕು. ಅಂಗಿ ಮುಂಡಿನ ಗಂಡಸು ಗದ್ದ ಎತ್ತಿದ್ದಾನೆ, ಆದರೆ ಬಲಗೈ ಮುಂಡಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದೆ. ಯುವಕ ನಗುತ್ತಿದ್ದಾನೆ. ಅಜ್ಜಿ ಕ್ಯಾಮರಾ ನೋಡುತ್ತಿಲ್ಲ, ಅವರ ಕಣ್ಣು ಬಲತುದಿಗೆ ಹೋಗಿದೆ. ತುದಿಯ ಹೆಂಗಸಿನ ಕೈ ಹುಡುಗಿಯ ಭುಜದ ಮೇಲಿದೆ, ಬೆರಳುಗಳು ಬಟ್ಟೆಯನ್ನು ಒತ್ತಿವೆ. ಹುಡುಗಿಯ ಮುಖ ಮಾತ್ರ ಕಲಸಿಹೋಗಿದೆ. ಫೋಟೋ ತೆಗೆಯುವ ಆ ಕ್ಷಣದಲ್ಲಿ ಅವಳು ತಲೆ ತಿರುಗಿಸಿದ್ದಾಳೆ.

ಕತೆ ಹೇಳುವವರು ಯಾರು ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಅಲುಗಾಡದೆ ನಿಂತವರು ಏನನ್ನೋ ಅಡಗಿಸಿದ್ದಾರೆ. ಅಲುಗಾಡಿದವಳು ಏನನ್ನೋ ಕೇಳಿಸಿಕೊಂಡಿದ್ದಾಳೆ. ಅವಳೇ ಹೇಳಲಿ ಎಂದುಕೊಂಡೆ.

ಏನು ಕೇಳಿಸಿಕೊಂಡಳು? ಅದಕ್ಕೆ ಆ ಕಾಲದ ಊರಿನ ವಿಷಯ ತಿಳಿದಿರಬೇಕು. ನಮ್ಮ ತುಳುನಾಡಿನ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಮನೆ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು, ಯಜಮಾನಿಕೆ ಮಾತ್ರ ಹೆಚ್ಚಾಗಿ ಅವಳ ಅಣ್ಣನದ್ದೋ ತಮ್ಮನದ್ದೋ. 1949ರ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗಳು ಬಂದ ಮೇಲೆ ಆ ಕಟ್ಟು ಸಡಿಲವಾಗುತ್ತಾ ಬಂತು. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಬಂತು. 1974ರ ಮಾರ್ಚ್ 1ರಿಂದ ಗೇಣಿಯ ಭೂಮಿ ಸರಕಾರದ್ದಾಯಿತು, ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯ ಮಂಡಳಿಯಿಂದ ಹಕ್ಕು ಪಡೆಯಬೇಕಾಗಿತ್ತು. ನಮ್ಮವರು ಅದನ್ನು ಡಿಕ್ಲರೇಶನ್ ಎನ್ನುತ್ತಿದ್ದರು. ಸಾವಿರಾರು ಮನೆಗಳಿಗೆ ಅದು ಬದುಕು ಕೊಟ್ಟಿತು. ಆದರೆ ಗೇಣಿ ಚೀಟಿ ಇದ್ದದ್ದು ಯಜಮಾನನ ಹೆಸರಿನಲ್ಲಿ. ಅಕ್ಕತಂಗಿಯರ ಮನೆಯ ಭೂಮಿಗೆ ಅವನೊಬ್ಬನ ಹೆಸರಿನಲ್ಲಿ ಅರ್ಜಿ ಹೋದರೆ, ಮುಂದೆ ಅದು ಯಾರ ಮಕ್ಕಳದ್ದು? ಈ ಪ್ರಶ್ನೆ ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ಎದ್ದಿತ್ತು, ಕೋರ್ಟಿನವರೆಗೂ ಹೋಗಿತ್ತು. ಬೀಗದ ಕೈ ಇದ್ದವಳು ಪರದೆಯ ಹೊರಗೆ ನಿಂತದ್ದನ್ನು ನೋಡಿದಾಗ ನನಗೆ ಈ ಪ್ರಶ್ನೆ ನೆನಪಾಯಿತು. ಫೋಟೋದ ಮನೆಯಲ್ಲಿ ಹಾಗೆ ಆಯಿತು ಎಂದು ನಾನು ಹೇಳುತ್ತಿಲ್ಲ. ಇದು ಮೂರನೆಯ ಭಾಗ, ನಾನು ಕಟ್ಟಿದ್ದು.

ಈಗ ಕತೆ ಕೇಳಿ. ಹೆಸರು "ಫೋಟೋದ ದಿನ".

ಸಣ್ಣ ಮಾವ ಬೊಂಬಾಯಿಯಿಂದ ಬಂದು ಎಂಟು ದಿನ ಆಗಿತ್ತು. ನಾಳೆ ಹೊರಡುವವರು. ಮನೆಯವರದ್ದೆಲ್ಲ ಒಂದು ಫೋಟೋ ಬೇಕು, ಅಲ್ಲಿ ಕೋಣೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಎಂದು ಪೇಟೆಯಿಂದ ಫೋಟೋದವರನ್ನು ಕರೆದುಕೊಂಡು ಬಂದಿದ್ದರು. ಫೋಟೋದವರು ಸೈಕಲಿನ ಹಿಂದೆ ಸುತ್ತಿ ಕಟ್ಟಿದ ಪರದೆಯನ್ನು ಬಿಚ್ಚಿ ಚಾವಡಿಯ ಎದುರು ಹಗ್ಗಕ್ಕೆ ಹಾಕಿದಾಗ ನಮ್ಮ ಮನೆ ಮುಚ್ಚಿಹೋಯಿತು. ಅದರ ಬದಲಿಗೆ ಒಂದು ಬಂಗಲೆ ಬಂತು.

ಅಜ್ಜಿಗೆ ರವಿಕೆ ಬೇಡವಾಗಿತ್ತು. ಅತ್ತೆ ತನ್ನದೊಂದನ್ನು ತಂದು, "ಇವತ್ತು ಒಂದು ದಿನ ಹಾಕಿ ಅಮ್ಮ, ಬೊಂಬಾಯಿಯವರು ನೋಡ್ತಾರೆ" ಎಂದು ತಾನೇ ಗುಂಡಿ ಹಾಕಿದರು. ಅತ್ತೆ ಒಳ್ಳೆಯವರೇ. ಮೊದಲೆಲ್ಲ ಅವರು ಅವರ ಅಮ್ಮನ ಮನೆಯಲ್ಲೇ ಇರುತ್ತಿದ್ದರು, ದೊಡ್ಡ ಮಾವ ಹೋಗಿ ಬರುತ್ತಿದ್ದರು. ಈಗ ಒಂದು ವರ್ಷದಿಂದ ನಮ್ಮಲ್ಲೇ ಇದ್ದಾರೆ, ಮಗುವೂ ಇಲ್ಲೇ. ನನ್ನ ಲಂಗದ ಬಟ್ಟೆಯಲ್ಲಿ ಉಳಿದ ತುಂಡಿನಿಂದ ಅವನಿಗೆ ಅಂಗಿ ಹೊಲಿಸಿಕೊಟ್ಟದ್ದು ನನ್ನ ಅಮ್ಮ.

ಎಲ್ಲರೂ ನಿಂತಾಯಿತು. ಅಮ್ಮ ಇಲ್ಲ. ಬಾವಿಯ ರಾಟೆಯ ಶಬ್ದ ಕೇಳುತ್ತಿತ್ತು.

"ಅಕ್ಕ, ಬಾ ಮಾರಾಯ್ತಿ, ಬಿಸಿಲು ಹೋಗ್ತದೆ" ಎಂದು ಸಣ್ಣ ಮಾವ ಕೂಗಿದರು.

"ನೀರು ಸೇದಿ ಆಗ್ಲಿಲ್ಲ. ನೀವು ತೆಗ್ಸಿ."

ದೊಡ್ಡ ಮಾವ ಫೋಟೋದವರಿಗೆ, "ಸಾಕು, ತೆಗೀರಿ" ಎಂದರು. ಆಗ ಅಜ್ಜಿ ಕುರ್ಚಿಯಿಂದ ಎದ್ದರು. "ಅವಳು ಇಲ್ಲದ್ದು ಈ ಮನೆಯ ಫೋಟೋ ಅಲ್ಲ" ಎಂದರು. ಅಷ್ಟೇ ಹೇಳಿದ್ದು. ಫೋಟೋದವರು ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದು ನಿಂತರು.

ಅಮ್ಮ ಕೊಡಪಾನ ಕೆಳಗಿಟ್ಟು ಬಂದಳು. ಕೈಯನ್ನು ಸೆರಗಿಗೆ ಒರಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಡುವೆ ಜಾಗ ಇರಲಿಲ್ಲ. ಅತ್ತೆ ಸ್ವಲ್ಪ ಸರಿದರು, ಆದರೆ ಅಮ್ಮ ಹೋಗಲಿಲ್ಲ. ತುದಿಯಲ್ಲಿ ನನ್ನ ಹಿಂದೆ ನಿಂತಳು. "ನೀವು ಪರದೆಯ ಹೊರಗೆ ಬರ್ತೀರಿ ಅಮ್ಮ" ಎಂದು ಫೋಟೋದವರು ಹೇಳಿದರು. "ತೊಂದರೆ ಇಲ್ಲ" ಎಂದಳು.

ನನ್ನ ಭುಜದ ಮೇಲೆ ಕೈ ಇಟ್ಟಳು. ಕೈ ತಣ್ಣಗಿತ್ತು.

"ಎಲ್ಲರೂ ಇಲ್ಲಿ ನೋಡಿ. ಅಲುಗಾಡ್ಬೇಡಿ."

ಆಗ ಅಮ್ಮ ಮೆಲ್ಲಗೆ, ಅಕ್ಕಿ ಎಷ್ಟು ಹಾಕಲಿ ಎಂದು ಕೇಳುವ ಹಾಗೆ ಕೇಳಿದಳು: "ಏಳನೇ ನಮೂನೆಯಲ್ಲಿ ಯಾರ ಹೆಸರು ಬರ್ದದ್ದು?"

ದೊಡ್ಡ ಮಾವ ತಿರುಗಲಿಲ್ಲ. ಗದ್ದ ಎತ್ತಿ ಕ್ಯಾಮರಾವನ್ನೇ ನೋಡುತ್ತಾ ಹೇಳಿದರು: "ನನ್ನದು. ಚೀಟಿ ಇದ್ದದ್ದು ನನ್ನ ಹೆಸರಲ್ಲಿ ಅಲ್ವಾ? ಬೇರೆ ಯಾರದ್ದು ಬರೀಲಿಕ್ಕುಂಟು?"

ಅಮ್ಮನ ಬೆರಳು ನನ್ನ ಭುಜವನ್ನು ಒತ್ತಿತು. ನಾನು ತಲೆ ಎತ್ತಿ ಅವಳ ಮುಖ ನೋಡಿದೆ. ಅಷ್ಟರಲ್ಲಿ ಟಿಕ್ ಎಂದಿತು.

"ಹುಡುಗಿ ಅಲುಗಾಡಿದಳು" ಎಂದರು ಫೋಟೋದವರು. "ಇನ್ನೊಂದು ತೆಗಿಬೇಕಾ?" ಅದಕ್ಕೆ ಬೇರೆ ದುಡ್ಡು. ದೊಡ್ಡ ಮಾವ ಬೇಡ ಎಂದರು.

ಪರದೆ ಸುತ್ತಿದರು. ಮನೆ ಮತ್ತೆ ಕಾಣಿಸಿತು. ಅಮ್ಮ ಸೊಂಟದಿಂದ ಬೀಗದ ಕೈ ಬಿಚ್ಚಿ ಅಜ್ಜಿಯ ಮಡಿಲಲ್ಲಿ ಇಟ್ಟಳು. "ಇದು ಯಾರದ್ದು ಹೇಳು ಅಮ್ಮ" ಎಂದಳು. ಅಜ್ಜಿ ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಅದನ್ನು ಎತ್ತಿ ಅಮ್ಮನ ಕೈಗೇ ಕೊಟ್ಟು, "ನಾನು ಇರುವಷ್ಟು ದಿನ ನಿನ್ನದು" ಎಂದರು. ಇರುವಷ್ಟು ದಿನ ಎಂಬ ಮಾತು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿತು. ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಸಣ್ಣ ಮಾವ ಬೊಂಬಾಯಿಗೆ ಹೋಗಿ ಕಾಗದ ಬರೆದರು. ಅಕ್ಕನ ಹೆಸರನ್ನೂ ಅರ್ಜಿಯಲ್ಲಿ ಸೇರಿಸು ಎಂದಿದ್ದರಂತೆ. ದೊಡ್ಡ ಮಾವ ಕಾಗದವನ್ನು ಓದಿ ಮಡಚಿ ಮಾಡಿನ ಸಂದಿಯಲ್ಲಿ ಇಟ್ಟರು. ಫೋಟೋಕ್ಕೆ ಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗಿದರು. ಪ್ರತಿ ಶುಕ್ರವಾರ ಅಮ್ಮ ದೇವರ ಪಟ ಒರಸುವ ಒದ್ದೆ ಬಟ್ಟೆಯಲ್ಲಿ ಅದನ್ನೂ ಒರಸುತ್ತಿದ್ದಳು. ಬಲಗಡೆಯಿಂದ ಶುರು ಮಾಡುತ್ತಿದ್ದಳು. ಬಟ್ಟೆ ಮೊದಲು ತಾಗುವುದು ಅವಳ ಮೂಲೆಗೇ, ನೀರು ಹೆಚ್ಚು ಇಳಿಯುವುದೂ ಅಲ್ಲಿಗೇ.

ಅಜ್ಜಿ ನಾಲ್ಕು ವರ್ಷ ಇದ್ದರು. ಬೊಜ್ಜ ಕಳೆದ ಮರುವಾರ ಅಮ್ಮ ಬೀಗದ ಕೈಗಳನ್ನು ಅತ್ತೆಯ ಎದುರು ಇಟ್ಟು, ನನ್ನ ಕೈ ಹಿಡಿದುಕೊಂಡು ಗುಡ್ಡ ಹತ್ತಿ ಪದವಿಗೆ ಬಂದಳು. ಅಲ್ಲಿ ಒಂದು ಬಾಡಿಗೆ ಕೋಣೆ. ಅಮ್ಮ ಬೀಡಿ ಕಟ್ಟಿದಳು, ನಾನು ಎಲೆ ಕತ್ತರಿಸಿಕೊಟ್ಟು ಶಾಲೆಗೆ ಹೋದೆ.

ತುಂಬಾ ವರ್ಷಗಳ ಮೇಲೆ ಒಂದು ಮದುವೆಗೆ ಆ ಮನೆಗೆ ಹೋದಾಗ ಫೋಟೋ ನೋಡಿದೆ. ಅಮ್ಮನ ಮುಖ ಗಾಜಿಗೆ ಹಿಡಿದು ಮಂಜಾಗಿತ್ತು. ಯಾರೋ ಕೇಳಿದರು, "ತುದಿಯಲ್ಲಿ ಇರುವುದು ಯಾರು?" ಮುದುಕರಾಗಿದ್ದ ದೊಡ್ಡ ಮಾವ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಫೋಟೋವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಅವಳ ಮನೆ ಇದು" ಎಂದರು.

ಕತೆ ಇಲ್ಲಿಗೆ ಮುಗಿಯಿತು.

ಮಕ್ಕಳೇ, ಈಗ ಕಟ್ಟಿದ್ದನ್ನು ಕಂಡದ್ದರ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡಿ. ಒದ್ದೆ ಅಂಚು ಬಾವಿಯಾಯಿತು. ಸಡಿಲ ರವಿಕೆ ಅತ್ತೆಯ ಉಪಕಾರವಾಯಿತು. ಒಂದೇ ಬಟ್ಟೆಯ ಲಂಗ ಮತ್ತು ಅಂಗಿಯಿಂದ, ಆ ಹೆಂಗಸಿಗೆ ತಮ್ಮನ ಮಗುವಿನ ಮೇಲೆ ದ್ವೇಷ ಇರಲಿಲ್ಲ ಎಂದು ತೋರಿಸಲು ಆಯಿತು. ಮುಷ್ಟಿ ಹಿಡಿದ ಕೈಯನ್ನು ನಾನು ಕತೆಯಲ್ಲಿ ಹೇಳಲೇ ಇಲ್ಲ, ಆದರೆ ದೊಡ್ಡ ಮಾವನ ಕೊನೆಯ ಮಾತು ಹುಟ್ಟಿದ್ದು ಆ ಮುಷ್ಟಿಯಿಂದಲೇ. ಗದ್ದ ಮಾತ್ರ ನೋಡಿದ್ದರೆ ಅವನನ್ನು ದುಷ್ಟನನ್ನಾಗಿ ಮಾಡಿ ಮುಗಿಸುತ್ತಿದ್ದೆ. ಕಟ್ಟಿದ್ದು ಕಂಡದ್ದಕ್ಕೆ ಎಲ್ಲಿಯೂ ಅಡ್ಡ ಬರಬಾರದು. ತುದಿಯ ಹೆಂಗಸನ್ನು ಪರದೆಯ ಒಳಗೆ ನಿಲ್ಲಿಸುವ ಸ್ವಾತಂತ್ರ್ಯ ನನಗಿಲ್ಲ, ಯಾಕೆ ಹೊರಗೆ ನಿಂತಳು ಎಂದು ಹೇಳುವ ಸ್ವಾತಂತ್ರ್ಯ ಮಾತ್ರ ಉಂಟು.

ಇದೇ ಫೋಟೋದಿಂದ ಇನ್ನೊಬ್ಬರು ಬೇರೆ ಕತೆ ಬರೆಯಬಹುದು. ಬೀಗದ ಕೈಯನ್ನು ನಂಬಿಕೆಯ ಕೆಲಸದವಳಿಗೆ ಕೊಡುವ ಮನೆಗಳೂ ಇದ್ದವು. ಆಗ ಅಜ್ಜಿಯ ಕಣ್ಣು ಅವಳ ಕಡೆಗೆ ಹೋದದ್ದಕ್ಕೆ ಬೇರೆ ಕಾರಣ ಹುಡುಕಬೇಕು. ನಗುತ್ತಿರುವ ಯುವಕನೇ ಕತೆ ಹೇಳಿದರೆ, ಏನೂ ಕೇಳಿಸಿಕೊಳ್ಳದೆ ನಕ್ಕವನ ಕತೆಯಾಗುತ್ತದೆ. ಒಂದು ಮಾತು ನೆನಪಿರಲಿ: ಕತೆ ದಾಖಲೆಯಲ್ಲ. ನಿಮ್ಮ ಮನೆಯ ಫೋಟೋದಿಂದ ಕತೆ ಬರೆದರೆ ಹೆಸರು ಬಿಡಿ, ಸಂಬಂಧ ಬದಲಿಸಿ. ಇಲ್ಲವಾದರೆ ನೀವು ಕಟ್ಟಿದ್ದನ್ನು ನೆರೆಯವರು ನಡೆದದ್ದು ಎಂದುಕೊಳ್ಳುತ್ತಾರೆ, ತೀರಿಹೋದವರಿಗೆ ಉತ್ತರ ಕೊಡಲು ಆಗುವುದಿಲ್ಲ.

ಕೊನೆಯದಾಗಿ ಹಿರಿಯರಲ್ಲಿ ಒಂದು ವಿನಂತಿ. ಗಾಜಿಗೆ ಹಿಡಿದ ಫೋಟೋವನ್ನು ಎಳೆಯಬೇಡಿ. ಗಾಜಿನ ಸಮೇತ ಹಗಲು ಬೆಳಕಿನಲ್ಲಿ ಸ್ವಲ್ಪ ಓರೆಯಿಂದ, ಹೊಳಪು ಬೀಳದ ಹಾಗೆ ಮೊಬೈಲಿನಲ್ಲಿ ಒಂದು ಪ್ರತಿ ತೆಗೆದುಕೊಳ್ಳಿ. ಹೊಸದಾಗಿ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಕ್ಕೂ ನಡುವೆ ಸುತ್ತಲೂ ದಪ್ಪ ಕಾಗದದ ಪಟ್ಟಿ ಇಡಲು ಹೇಳಿ, ಆಗ ಚಿತ್ರ ಗಾಜಿಗೆ ತಾಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರಸಬೇಡಿ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ, ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯಿರಿ. ಬಾಲ್ ಪೆನ್ನಿನಿಂದ ಬರೆದರೆ ಗೀರು ಮುಂದೆ ಮೂಡುತ್ತದೆ. ತುದಿಯಲ್ಲಿ ನಿಂತವರ ಹೆಸರನ್ನು ಮೊದಲು ಬರೆಯಿರಿ, ಯಾಕೆಂದರೆ ತೇವ ಮೊದಲು ಬರುವುದು ಅಂಚಿನಿಂದ.